ಬಚ್ಚಿಟ್ಟ ಸಾಲ ಬಯಲಾದ ಮೇಲೆ: ದಂಪತಿಗಳ ನಡುವೆ ವಿಶ್ವಾಸ ಮರಳುವ ಬಗೆ

ಜ್ಞಾನಭಾರತಿಯ ಮಗ್ಗುಲಲ್ಲಿ, ನಾಗರಬಾವಿಗೆ ಹೊಂದಿಕೊಂಡಂತಿರುವ ಮಲ್ಲತ್ತಹಳ್ಳಿ ಕೆಲವು ದಶಕಗಳ ಹಿಂದೆ ಹೊಲ-ತೋಟಗಳ ಹಳ್ಳಿಯಾಗಿತ್ತು. ಇಂದು ಅದರ ಕೆರೆ ಮತ್ತು ಕಲಾಗ್ರಾಮದ ಸುತ್ತ ಬಡಾವಣೆಗಳು ಒತ್ತಾಗಿ ಬೆಳೆದಿವೆ. ಬಾಡಿಗೆ, ಮಕ್ಕಳ ಶಾಲಾ ಶುಲ್ಕ, ನಿವೇಶನದ ಕನಸು, ಊರಿನಲ್ಲಿರುವ ತಂದೆತಾಯಿಯರ ಔಷಧ, ಇವೆಲ್ಲವೂ ಒಂದೆರಡು ಸಂಬಳಗಳ ಮೇಲೆ ನಿಂತಿರುವ ಸಂಸಾರಗಳು ಇಲ್ಲಿ ಹೆಚ್ಚು. ಪಶ್ಚಿಮ ಬೆಂಗಳೂರಿನ ಇಂತಹ ಮನೆಗಳಿಗೆ ಸಾಲ ಹಲವು ಬಾಗಿಲುಗಳಿಂದ ಪ್ರವೇಶಿಸುತ್ತದೆ. ಬ್ಯಾಂಕಿನ ವೈಯಕ್ತಿಕ ಸಾಲ, ಕ್ರೆಡಿಟ್ ಕಾರ್ಡ್, ಮೊಬೈಲ್‌ನಲ್ಲಿ ಐದೇ ನಿಮಿಷದಲ್ಲಿ ಸಿಗುವ ಆ್ಯಪ್ ಸಾಲ ಒಂದು ಕಡೆಯಾದರೆ, ಚೀಟಿ, ಗಿರವಿ ಅಂಗಡಿ ಮತ್ತು ಸಹೋದ್ಯೋಗಿಗಳ ಕೈಸಾಲ ಇನ್ನೊಂದು ಕಡೆ.

ಈ ಸಾಲಗಳಲ್ಲಿ ಕೆಲವನ್ನು ಗಂಡ ಹೆಂಡತಿಗೆ ಹೇಳುವುದಿಲ್ಲ. ಸ್ತ್ರೀಶಕ್ತಿ ಗುಂಪಿನಲ್ಲೋ ಕಿರುಸಾಲ ಸಂಸ್ಥೆಯಲ್ಲೋ ಪಡೆದ ಹಣವನ್ನು ತವರಿಗೆ ಕೊಟ್ಟು ಗಂಡನಿಗೆ ಹೇಳದ ಹೆಂಡತಿಯರೂ ಇದ್ದಾರೆ. ಒಂದು ದಿನ ವಸೂಲಿಗಾರನ ಕರೆಯೋ, ವಕೀಲರ ನೋಟಿಸೋ, ಬೀರುವಿನಲ್ಲಿ ಕಾಣದ ಒಡವೆಯೋ ಗುಟ್ಟನ್ನು ಬಯಲು ಮಾಡುತ್ತದೆ. ಆ ಕ್ಷಣದಿಂದ ಮನೆಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಸಾಲ ತೀರುವುದು ಹೇಗೆ ಎಂಬುದು ಮೊದಲನೆಯದು. ಈ ಮನುಷ್ಯನನ್ನು ಇನ್ನು ನಂಬುವುದು ಹೇಗೆ ಎಂಬುದು ಎರಡನೆಯದು. ಹೆಚ್ಚಿನವರು ಮೊದಲನೆಯದಕ್ಕೆ ಉತ್ತರ ದೊರೆತರೆ ಎರಡನೆಯದು ತಾನಾಗಿ ಪರಿಹಾರವಾಗುವುದೆಂದು ಭಾವಿಸುತ್ತಾರೆ. ಅನೇಕ ಮನೆಗಳು ಎಡವುವುದು ಇಲ್ಲಿಯೇ.

ಸಾಲದ ಗಾಯ, ಮೌನದ ಗಾಯ

ಸಂಗಾತಿಯಿಂದ ಹಣದ ವ್ಯವಹಾರ ಮುಚ್ಚಿಡುವುದನ್ನು ಕುರಿತು 2020ರಲ್ಲಿ ಗ್ರಾಹಕ ವರ್ತನೆಯ ಒಂದು ಅಂತಾರಾಷ್ಟ್ರೀಯ ಸಂಶೋಧನಾ ಪತ್ರಿಕೆಯಲ್ಲಿ ಅಧ್ಯಯನವೊಂದು ಪ್ರಕಟವಾಯಿತು. ಸಂಶೋಧಕರು ಅದನ್ನು 'ಆರ್ಥಿಕ ದ್ರೋಹ' ಎಂದು ಕರೆದು, ಅದಕ್ಕೆ ಎರಡು ಅಂಗಗಳಿವೆ ಎಂದರು. ಸಂಗಾತಿ ಒಪ್ಪಲಾರರೆಂದು ತಿಳಿದೂ ಹಣದ ವ್ಯವಹಾರ ಮಾಡುವುದು ಒಂದು ಅಂಗ. ಅದನ್ನು ಬುದ್ಧಿಪೂರ್ವಕವಾಗಿ ತಿಳಿಸದಿರುವುದು ಇನ್ನೊಂದು. ಈ ವಿಂಗಡಣೆ ಮನೆಯ ಜಗಳವನ್ನು ಅರ್ಥಮಾಡಿಕೊಳ್ಳಲು ಬಹಳ ಉಪಯುಕ್ತ. ಗಂಡ ಮೊದಲನೆಯದಕ್ಕೆ ಸಮಜಾಯಿಷಿ ಕೊಡುತ್ತಿರುತ್ತಾನೆ: "ಅಪ್ಪನ ಆಪರೇಷನ್‌ಗೆ ತಾನೇ ಮಾಡಿದ್ದು, ಕುಡಿದು ಹಾಳು ಮಾಡಿದೆನೇ?" ಹೆಂಡತಿ ಅಳುತ್ತಿರುವುದು ಎರಡನೆಯದಕ್ಕೆ: "ಆಪರೇಷನ್‌ಗೆ ಅಂದಿದ್ದರೆ ನಾನು ಬೇಡ ಅಂತಿದ್ದೆನಾ? ಮೂರು ವರ್ಷ ಯಾಕೆ ಹೇಳಲಿಲ್ಲ?" ಒಬ್ಬರ ಉತ್ತರ ಇನ್ನೊಬ್ಬರ ಪ್ರಶ್ನೆಗೆ ಸಂಬಂಧಿಸಿದ್ದಲ್ಲವಾದ್ದರಿಂದ ಮಾತು ಮುಂದುವರಿಯುವುದಿಲ್ಲ.

ಮೌನದ ಗಾಯಕ್ಕೆ ಇನ್ನೂ ಒಂದು ಗುಣವಿದೆ. ಅದು ಹಿಂದಿನ ದಿನಗಳಿಗೂ ಹಬ್ಬುತ್ತದೆ. ಕಳೆದ ದೀಪಾವಳಿಗೆ ತಂದ ಸೀರೆ ಯಾವ ಹಣದ್ದು, ಕಳೆದ ತಿಂಗಳ 'ಓವರ್‌ಟೈಮ್' ನಿಜವೇ, ತಡರಾತ್ರಿಯ ಕರೆ ಯಾರದು ಎಂದು ಮೋಸಹೋದವರು ಹಳೆಯ ದಿನಗಳನ್ನೆಲ್ಲ ಮತ್ತೆ ಮತ್ತೆ ಎಣಿಸುತ್ತಾರೆ. ಇದನ್ನು ಅನುಮಾನದ ಸ್ವಭಾವವೆಂದು ದೂಷಿಸುವುದು ಸರಿಯಲ್ಲ. ತಾವು ಬದುಕಿದ ವರ್ಷಗಳ ಲೆಕ್ಕ ಸುಳ್ಳಾಗಿದ್ದರಿಂದ, ಸರಿಯಾದ ಲೆಕ್ಕವನ್ನು ಅವರು ಹೊಸದಾಗಿ ಕಟ್ಟಿಕೊಳ್ಳುತ್ತಿರುತ್ತಾರೆ. ಅದಕ್ಕೆ ಬೇಕಾದ ಮಾಹಿತಿ ಇರುವುದು ಸಾಲ ಮಾಡಿದವರ ಬಳಿ ಮಾತ್ರ.

ಕಂತಿನಲ್ಲಿ ಬರುವ ಸತ್ಯ

ಗುಟ್ಟು ಬಯಲಾದ ಮೊದಲ ರಾತ್ರಿ ಸಾಲಗಾರ ಸಾಮಾನ್ಯವಾಗಿ ಪೂರ್ಣ ಮೊತ್ತ ಹೇಳುವುದಿಲ್ಲ. ಸಿಕ್ಕಿಬಿದ್ದ ಸಾಲವನ್ನಷ್ಟೇ ಒಪ್ಪಿಕೊಳ್ಳುತ್ತಾನೆ. "ಇನ್ನೇನಾದರೂ ಇದ್ದರೆ ಈಗಲೇ ಹೇಳಿಬಿಡಿ" ಎಂದು ಹೆಂಡತಿ ಕೇಳಿದಾಗ "ಇಷ್ಟೇ" ಎನ್ನುತ್ತಾನೆ. ಆಕೆಯ ಮೇಲಿನ ಕರುಣೆಯಿಂದ, ನಾಚಿಕೆಯಿಂದ, ಉಳಿದದ್ದನ್ನು ಸದ್ದಿಲ್ಲದೆ ತೀರಿಸಿಬಿಡುವ ಭರವಸೆಯಿಂದ ಹಾಗೆನ್ನುತ್ತಾನೆ. ಎರಡು ವಾರಗಳಲ್ಲಿ ಎರಡನೆಯ ಸಾಲ, ಎರಡು ತಿಂಗಳಲ್ಲಿ ಮೂರನೆಯದು ಹೊರಬರುತ್ತದೆ.

ಸಂಬಂಧಕ್ಕೆ ಬೀಳುವ ದೊಡ್ಡ ಪೆಟ್ಟು ಇದು. ಮೊದಲ ಬಾರಿ ಬಯಲಾದದ್ದು ಹಳೆಯ ಸುಳ್ಳು. ಎರಡನೆಯ ಬಾರಿ ಬಯಲಾಗುವುದು ಕ್ಷಮೆ ಕೇಳುತ್ತಲೇ ಹೇಳಿದ ಹೊಸ ಸುಳ್ಳು. ಅಲ್ಲಿಂದ ಮುಂದೆ ಸತ್ಯ ಹೇಳಿದರೂ ಬೆಲೆಯಿರುವುದಿಲ್ಲ, ಏಕೆಂದರೆ "ಇಷ್ಟೇ" ಎಂಬ ಮಾತು ತನ್ನ ಅರ್ಥವನ್ನೇ ಕಳೆದುಕೊಂಡಿರುತ್ತದೆ. ಆದ್ದರಿಂದ ವಿಶ್ವಾಸದ ಪುನರ್ನಿರ್ಮಾಣಕ್ಕೆ ಮೊದಲ ಹೆಜ್ಜೆಯಾಗಬೇಕಾದದ್ದು ಆಣೆಪ್ರಮಾಣವಲ್ಲ. ಮಾತನ್ನು ಅವಲಂಬಿಸದೆ, ಹೊರಗಿನ ಕಾಗದಪತ್ರಗಳಿಂದ ತಾಳೆ ನೋಡಬಹುದಾದ ಒಂದು ಪೂರ್ಣ ಪಟ್ಟಿ ಆಗಬೇಕು. ಮೊದಲ ರಾತ್ರಿಯೇ ಪೂರ್ಣ ಮೊತ್ತ ನೆನಪಿಗೆ ಬಾರದಿದ್ದರೆ "ಇಷ್ಟೇ" ಎನ್ನುವ ಬದಲು "ಪೂರ್ತಿ ಗೊತ್ತಿಲ್ಲ, ಭಾನುವಾರದೊಳಗೆ ಕಾಗದಗಳ ಸಮೇತ ಪಟ್ಟಿ ಕೊಡುತ್ತೇನೆ" ಎನ್ನುವುದು ಮೇಲು. ಆ ಭಾನುವಾರ ತಪ್ಪಬಾರದು.

ಪಟ್ಟಿಯನ್ನು ತಾಳೆ ನೋಡುವುದು

ದೇಶದಲ್ಲಿ ಸಾಲದ ಮಾಹಿತಿ ಸಂಗ್ರಹಿಸುವ ನಾಲ್ಕು ಸಂಸ್ಥೆಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ರಿಸರ್ವ್ ಬ್ಯಾಂಕಿನ ಆದೇಶದಂತೆ 2017ರಿಂದ ಪ್ರತಿಯೊಬ್ಬರಿಗೂ ಇವುಗಳಲ್ಲಿ ಪ್ರತಿ ಸಂಸ್ಥೆಯಿಂದ ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ದೊರೆಯುತ್ತದೆ. ಬ್ಯಾಂಕುಗಳು ಮತ್ತು ನೋಂದಾಯಿತ ಹಣಕಾಸು ಸಂಸ್ಥೆಗಳಿಂದ ಪಡೆದ ಸಾಲ, ಕಾರ್ಡ್, ಅವು ನೀಡಿದ ಚಿನ್ನದ ಸಾಲ, ಬಾಕಿ ಮೊತ್ತ, ತಡವಾದ ದಿನಗಳು ಎಲ್ಲವೂ ಅದರಲ್ಲಿರುತ್ತವೆ. ಅನೇಕರು ನೋಡದೆ ಬಿಡುವ ಎರಡು ಭಾಗಗಳನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮೊದಲನೆಯದು, ಖಾತೆಯೊಂದರಲ್ಲಿ ವ್ಯಕ್ತಿ ಸ್ವತಃ ಸಾಲಗಾರನೋ, ಜಂಟಿ ಸಾಲಗಾರನೋ ಅಥವಾ ಬೇರೊಬ್ಬರಿಗೆ ಜಾಮೀನುದಾರನೋ ಎಂಬ ನಮೂದು. ಸ್ನೇಹಿತನಿಗಾಗಿ ಹಾಕಿದ ಜಾಮೀನು ಸಹಿ ಹೊರಬರುವುದು ಇಲ್ಲಿ. ಎರಡನೆಯದು 'ವಿಚಾರಣೆ'ಗಳ ಪಟ್ಟಿ. ಇತ್ತೀಚೆಗೆ ಎಲ್ಲೆಲ್ಲಿ ಸಾಲಕ್ಕೆ ಅರ್ಜಿ ಹಾಕಲಾಗಿತ್ತು ಎಂಬುದನ್ನು ಅದು ತೋರಿಸುತ್ತದೆ. ಪಟ್ಟಿ ಕೊಟ್ಟ ನಂತರದ ದಿನಾಂಕದಲ್ಲಿ ಹೊಸ ವಿಚಾರಣೆ ಕಂಡರೆ ಅದಕ್ಕೆ ವಿವರಣೆ ಬೇಕು.

ಈ ವರದಿಯನ್ನು ಸಾಲಗಾರನೇ ತನ್ನ ಮೊಬೈಲ್‌ನಿಂದ, ಸಂಗಾತಿಯ ಎದುರಿನಲ್ಲಿ ತೆರೆಯಬೇಕು. ಗಂಡ ಮಲಗಿದ್ದಾಗ ಅವನ ಫೋನಿಗೆ ಬಂದ ಒಟಿಪಿ ಬಳಸಿ ವರದಿ ತೆಗೆಯುವುದು ಕಾನೂನಿನ ದೃಷ್ಟಿಯಿಂದ ಸರಿಯಲ್ಲ. ಅಷ್ಟೇ ಅಲ್ಲದೆ, ಹಾಗೆ ಮಾಡಿದರೆ ಸತ್ಯವನ್ನು ತಾನಾಗಿ ಮುಂದಿಡುವ ಅವಕಾಶವೇ ಅವನಿಗೆ ಇಲ್ಲವಾಗುತ್ತದೆ. ವಿಶ್ವಾಸದ ಮರುಹುಟ್ಟಿಗೆ ಆ ಅವಕಾಶ ಬೇಕು.

ಆದರೆ ವರದಿಗೂ ಮಿತಿಗಳಿವೆ. ಕೈಸಾಲ, ಮೀಟರ್ ಬಡ್ಡಿ, ಬೀದಿ ಬದಿಯ ಗಿರವಿ ಅಂಗಡಿಯ ಅಡವು, ಚೀಟಿ, ಇವಾವುವೂ ಅದರಲ್ಲಿ ಕಾಣುವುದಿಲ್ಲ. ಚೀಟಿಯ ವಿಷಯದಲ್ಲಿ ಒಂದು ಭ್ರಮೆ ವ್ಯಾಪಕವಾಗಿದೆ: ಅದನ್ನು ಉಳಿತಾಯವೆಂದೇ ಲೆಕ್ಕಹಾಕಲಾಗುತ್ತದೆ. ಚೀಟಿ ಎತ್ತುವವರೆಗೆ ಅದು ಉಳಿತಾಯವೇ ಸರಿ. ಎತ್ತಿದ ಮರುದಿನದಿಂದ ಉಳಿದ ಕಂತುಗಳೆಲ್ಲವೂ ಸಾಲ. ಆದ್ದರಿಂದ ಪಟ್ಟಿಯಲ್ಲಿ 'ಚೀಟಿ ಇದೆ' ಎಂದಷ್ಟೇ ಬರೆದರೆ ಸಾಲದು. ಎತ್ತಲಾಗಿದೆಯೇ, ಎಷ್ಟು ಕಂತು ಬಾಕಿ, ಜಾಮೀನು ಯಾರದು ಎಂಬುದನ್ನೂ ಬರೆಯಬೇಕು.

ಒಂದು ಸಂಸಾರದ ಲೆಕ್ಕ

ವಿವರಣೆಗಾಗಿ ಒಂದು ಕಲ್ಪಿತ ಸಂಸಾರವನ್ನು ತೆಗೆದುಕೊಳ್ಳೋಣ. ಮಲ್ಲತ್ತಹಳ್ಳಿಯಲ್ಲಿ ಬಾಡಿಗೆ ಮನೆ. ಗಂಡ ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ, ಕೈಗೆ ಬರುವ ಸಂಬಳ 62,000 ರೂಪಾಯಿ. ಹೆಂಡತಿ ಖಾಸಗಿ ಶಾಲೆಯ ಶಿಕ್ಷಕಿ, ಸಂಬಳ 24,000. ಮನೆ ಖರ್ಚು 48,000 ಕಳೆದು ತಿಂಗಳಿಗೆ 38,000 ಉಳಿಯಬೇಕು. ಮೊದಲ ರಾತ್ರಿ ಗಂಡ ಒಪ್ಪಿಕೊಂಡದ್ದು ಸುಮಾರು ನಾಲ್ಕು ಲಕ್ಷದ ಒಂದು ಬ್ಯಾಂಕ್ ಸಾಲವನ್ನು ಮಾತ್ರ. ಕಾಗದಗಳ ಸಮೇತ ಕುಳಿತಾಗ ಪಟ್ಟಿ ಹೀಗಾಯಿತು:

- ಬ್ಯಾಂಕಿನ ವೈಯಕ್ತಿಕ ಸಾಲದ ಬಾಕಿ: 4,10,000
- ಎರಡು ಕ್ರೆಡಿಟ್ ಕಾರ್ಡ್: 1,65,000
- ಆ್ಯಪ್ ಸಾಲ: 60,000
- ಹೆಂಡತಿಯ ಒಡವೆಯ ಮೇಲಿನ ಸಾಲ: 2,40,000
- ಎತ್ತಿದ ಚೀಟಿಯ ಬಾಕಿ ಹತ್ತು ಕಂತು: 1,00,000
- ಸಹೋದ್ಯೋಗಿಯ ಕೈಸಾಲ: 75,000
- ಹೆಂಡತಿಯ ಅಣ್ಣನಿಂದ ಪಡೆದದ್ದು: 1,00,000

ಒಟ್ಟು 11,50,000 ರೂಪಾಯಿ. ಪಟ್ಟಿ ಪೂರ್ಣವೇ ಎಂದು ಪರೀಕ್ಷಿಸಲು ಒಂದು ಸುಲಭ ವಿಧಾನವಿದೆ. ಈ ಸಾಲಗಳಿಗೆ ತಿಂಗಳಿಗೆ ಹೋಗಬೇಕಾದ ಹಣವನ್ನು ಕೂಡಿಸಬೇಕು. ಬ್ಯಾಂಕ್ ಕಂತು 13,200, ಚೀಟಿ 10,000, ಕಾರ್ಡ್‌ಗಳ ಕನಿಷ್ಠ ಪಾವತಿ 8,250, ಆ್ಯಪ್ ಕಂತು 11,000, ಒಡವೆ ಸಾಲದ ಬಡ್ಡಿ 2,400. ಒಟ್ಟು 44,850. ಉಳಿಯುವುದು 38,000 ಮಾತ್ರ. ಹಾಗಾದರೆ ಪ್ರತಿ ತಿಂಗಳು ಕೊರತೆ ಬೀಳುತ್ತಿದ್ದ ಸುಮಾರು 6,850 ರೂಪಾಯಿ ಎಲ್ಲಿಂದ ಬರುತ್ತಿತ್ತು? ಕೈಸಾಲಗಳು ಹಾಗೂ ಕಾರ್ಡ್‌ನ ಬಳಕೆ ಆ ಕೊರತೆಯನ್ನು ತುಂಬಿದ್ದವು ಎಂಬುದು ಬ್ಯಾಂಕ್ ಖಾತೆಯ ವಿವರದಿಂದ ತಾಳೆಯಾದರೆ ಪಟ್ಟಿ ಪೂರ್ಣ. ತಾಳೆಯಾಗದಿದ್ದರೆ ಇನ್ನೊಂದು ಸಾಲ ಎಲ್ಲೋ ಇದೆ.

ಎರಡನೆಯ ತಾಳೆ ಹಣ ಎಲ್ಲಿ ಹೋಯಿತು ಎಂಬುದು. ಈ ಲೆಕ್ಕದಲ್ಲಿ ನಾಲ್ಕು ಲಕ್ಷ ತಂದೆಯ ಶಸ್ತ್ರಚಿಕಿತ್ಸೆಗೆ, ಮೂರು ಲಕ್ಷ ಕೈಗೆ ಬಾರದ ನಿವೇಶನವೊಂದರ ಮುಂಗಡಕ್ಕೆ ಹೋಗಿತ್ತು. ಉಳಿದ ಸುಮಾರು ನಾಲ್ಕೂವರೆ ಲಕ್ಷ ಹಳೆಯ ಕಂತುಗಳನ್ನು ತುಂಬಲಿಕ್ಕಾಗಿಯೇ ಮಾಡಿದ ಸಾಲ. ಇದು ತಿಳಿದಾಗ ಹೆಂಡತಿಗೆ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಬೇರೊಂದು ಸಂಸಾರವಾಗಲಿ, ಜೂಜಾಗಲಿ ಇಲ್ಲಿಲ್ಲ. ಮತ್ತು ಮೊದಲೇ ಹೇಳಿದ್ದರೆ ಸಾಲ ಏಳು ಲಕ್ಷದ ಸುತ್ತ ನಿಲ್ಲಬಹುದಿತ್ತು. ಉಳಿದದ್ದು ಮೌನದ ಬೆಲೆ. ಗಂಡ ಈ ಎರಡನೆಯ ಮಾತನ್ನು ತಾನೇ ಬಾಯಿಬಿಟ್ಟು ಹೇಳಿದಾಗ ಅದು ನಿಜವಾದ ಕ್ಷಮಾಯಾಚನೆಯಾಗುತ್ತದೆ. "ತಪ್ಪಾಯಿತು, ಬಿಟ್ಟುಬಿಡು" ಎಂಬುದರಲ್ಲಿ ಯಾವ ತಪ್ಪು ಎಂಬುದೇ ಇರುವುದಿಲ್ಲ.

ಮುಂದಿನದು ಕೊರತೆಯನ್ನು ನಿಲ್ಲಿಸುವುದು. ಗಂಡ ತನ್ನ ಬೈಕನ್ನು 70,000ಕ್ಕೆ ಮಾರಿ ಆ್ಯಪ್ ಸಾಲ ತೀರಿಸಿ, ಮಿಕ್ಕ 10,000ವನ್ನು ಸಹೋದ್ಯೋಗಿಗೆ ಕೊಟ್ಟು, ಬಸ್ಸಿನಲ್ಲಿ ಕೆಲಸಕ್ಕೆ ಹೋಗತೊಡಗುತ್ತಾನೆ. ಕಾರ್ಡ್‌ಗಳ ಬಾಕಿಯನ್ನು ಬ್ಯಾಂಕಿನೊಂದಿಗೆ ಮಾತನಾಡಿ ವಾರ್ಷಿಕ ಶೇ. 16ರ ದರದಲ್ಲಿ 24 ಕಂತುಗಳಾಗಿ ಪರಿವರ್ತಿಸಿದರೆ ತಿಂಗಳಿಗೆ ಸುಮಾರು 8,100. ಕೊಡುವ ಹಣ ಹೆಚ್ಚುಕಡಿಮೆ ಅಷ್ಟೇ, ಆದರೆ ಕನಿಷ್ಠ ಪಾವತಿಯಂತೆ ಬಡ್ಡಿಗೇ ಕರಗಿಹೋಗದೆ ಎರಡು ವರ್ಷಗಳಲ್ಲಿ ಸಾಲ ಮುಗಿಯುತ್ತದೆ. ಈಗ ತಿಂಗಳ ಹೊರೆ 33,700. ಮೊದಲ ಬಾರಿಗೆ ಆದಾಯದೊಳಗೆ ಬದುಕು ಬಂತು. ಉಳಿದ 4,300ರಲ್ಲಿ 3,000 ಸಹೋದ್ಯೋಗಿಗೆ ಹೋಗುತ್ತದೆ. ಹತ್ತು ತಿಂಗಳ ನಂತರ ಚೀಟಿ ಮುಗಿದಾಗ ಆ 10,000 ಒಡವೆ ಸಾಲದ ಅಸಲಿಗೆ, ಎರಡು ವರ್ಷ ಕಳೆದು ಕಾರ್ಡ್ ಕಂತು ಮುಗಿದಾಗ ಅದೂ ಅಲ್ಲಿಗೇ ಹೋಗುತ್ತದೆ. ಪ್ರತಿ ವರ್ಷ ಬಡ್ಡಿ ಕಟ್ಟಿ ಒಡವೆ ಸಾಲವನ್ನು ನವೀಕರಿಸುತ್ತ ಬಂದರೆ ಸುಮಾರು ಎರಡೂವರೆ ವರ್ಷಗಳಲ್ಲಿ ಒಡವೆ ಮನೆಗೆ ಮರಳುತ್ತದೆ. ಬ್ಯಾಂಕ್ ಸಾಲ ಇನ್ನೂ ಕೆಲವು ತಿಂಗಳು ನಡೆಯುತ್ತದೆ; ಕೊನೆಗೆ ಅಣ್ಣನ ಹಣ.

ಬೈಕ್ ಮಾರಿದ್ದು ಲೆಕ್ಕದಲ್ಲಿ ಸಣ್ಣ ಮೊತ್ತ. ಆದರೆ ಹೆಂಡತಿಯ ಒಡವೆಯೂ ಮನೆಯ ಖರ್ಚೂ ಕಡಿಮೆಯಾಗುವ ಮೊದಲು ಸಾಲ ಮಾಡಿದವನ ಸ್ವಂತ ಸೌಕರ್ಯ ಕಡಿಮೆಯಾಯಿತು. ಮೋಸಹೋದವರ ಕಣ್ಣಿಗೆ ಇದು ಯಾವ ಮಾತಿಗಿಂತಲೂ ಸ್ಪಷ್ಟವಾಗಿ ಕಾಣುತ್ತದೆ. ಅಂತೆಯೇ ಅಣ್ಣನಿಗೆ ಮಾತು ತಿಳಿಸುವ ಹೊಣೆಯೂ ಗಂಡನದೇ. ತನ್ನ ಬೆನ್ನ ಹಿಂದೆ ತವರಿನಿಂದ ಹಣ ಬಂದದ್ದು ಹೆಂಡತಿಗೆ ಆಗಿರುವ ಅವಮಾನ. ಅದನ್ನು ಸರಿಪಡಿಸುವ ಕೆಲಸವನ್ನೂ ಆಕೆಯ ತಲೆಗೆ ಕಟ್ಟಬಾರದು.

ಒಡವೆ ಯಾರದು?

ಪಟ್ಟಿಯಲ್ಲಿ ಒಡವೆಯ ಸಾಲಕ್ಕೆ ಬೇರೆಯದೇ ಸ್ಥಾನವಿದೆ. ಈ ಬಗ್ಗೆ ಸುಪ್ರೀಂ ಕೋರ್ಟ್ 2024ರ ಏಪ್ರಿಲ್ 24ರಂದು ಕೇರಳದ ದಂಪತಿಗಳ ಪ್ರಕರಣವೊಂದರಲ್ಲಿ ತೀರ್ಪು ನೀಡಿದೆ. 2003ರಲ್ಲಿ ಮದುವೆಯಾದಾಗ ವಧುವಿಗೆ ತವರಿನಿಂದ 89 ಸವರನ್ ಚಿನ್ನ ಬಂದಿತ್ತು. ಸುರಕ್ಷಿತವಾಗಿಡುವುದಾಗಿ ಹೇಳಿ ಮೊದಲ ರಾತ್ರಿಯೇ ಗಂಡ ಅದನ್ನು ಪಡೆದು ತನ್ನ ತಾಯಿಗೆ ಒಪ್ಪಿಸಿದ. ಗಂಡನ ಮನೆಯವರು ತಮ್ಮ ಹಳೆಯ ಸಾಲಗಳಿಗೆ ಅದನ್ನು ಬಳಸಿಬಿಟ್ಟರು ಎಂಬುದು ಆಕೆಯ ದೂರು. ಕುಟುಂಬ ನ್ಯಾಯಾಲಯ ಆಕೆಯ ಮಾತನ್ನು ಒಪ್ಪಿತು, ಹೈಕೋರ್ಟ್ ಒಪ್ಪಲಿಲ್ಲ. ಮದುವೆಯ ದಿನವೇ ಒಡವೆಯನ್ನೆಲ್ಲ ಒಪ್ಪಿಸಿದರೆಂಬುದನ್ನು ಹೈಕೋರ್ಟ್ ಸಂದೇಹಿಸಿತ್ತು. ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಾಂಕರ್ ದತ್ತ ಅವರ ಪೀಠ ಆ ಸಂದೇಹವನ್ನು ತಳ್ಳಿಹಾಕಿತು. ದಾಂಪತ್ಯ ನಿಂತಿರುವುದೇ ಪರಸ್ಪರ ವಿಶ್ವಾಸದ ಮೇಲೆ, ಹೆಂಡತಿ ಮೊದಲ ದಿನದಿಂದಲೇ ಗಂಡನನ್ನು ನಂಬಲಿಲ್ಲವೆಂದು ಊಹಿಸುವುದು ಅಸಂಭವ ಎಂಬುದು ಪೀಠದ ತರ್ಕ. ಆಕೆಗೆ 25 ಲಕ್ಷ ರೂಪಾಯಿ ನೀಡುವಂತೆ ಆದೇಶವಾಯಿತು.

ಆ ತೀರ್ಪು ಹೇಳಿದ ತತ್ತ್ವ ಸರಳ. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ದಂಪತಿಗಳ ಜಂಟಿ ಆಸ್ತಿಯಲ್ಲ. ಸಂಕಷ್ಟದಲ್ಲಿ ಗಂಡ ಅದನ್ನು ಬಳಸಬಹುದಾದರೂ ಅದನ್ನು ಅಥವಾ ಅದರ ಮೌಲ್ಯವನ್ನು ಹಿಂದಿರುಗಿಸುವ ನೈತಿಕ ಹೊಣೆ ಅವನ ಮೇಲಿದೆ. ಮನೆಯ ಮಟ್ಟದಲ್ಲಿ ಇದರ ಅರ್ಥವೇನೆಂದರೆ, ಒಡವೆ ಬಿಡಿಸುವುದನ್ನು 'ನಮ್ಮ ಸಾಲ' ಎಂಬ ಗುಂಪಿನಿಂದ ಬೇರ್ಪಡಿಸಿ, ಗಂಡ ಹೆಂಡತಿಗೆ ಕೊಡಬೇಕಾದ ಬಾಕಿ ಎಂದು ಬರೆದಿಡಬೇಕು. ಅಡವಿನ ರಸೀದಿ ಹೆಂಡತಿಯ ಕೈಯಲ್ಲಿರಬೇಕು. ಬಡ್ಡಿ ಕಟ್ಟುವ ಮತ್ತು ನವೀಕರಿಸುವ ದಿನಾಂಕ ಆಕೆಗೂ ತಿಳಿದಿರಬೇಕು. ಆ ದಿನಾಂಕ ತಪ್ಪಿದರೆ ಹರಾಜಿನ ನೋಟಿಸ್ ಬರುತ್ತದೆ, ಮತ್ತು ಹರಾಜಾದ ಒಡವೆಯೊಂದಿಗೆ ಕಟ್ಟುತ್ತಿದ್ದ ವಿಶ್ವಾಸವೂ ಹೋಗುತ್ತದೆ.

ಸಹಿ ಹಾಕುವ ಮುನ್ನ

ಗುಟ್ಟು ಬಯಲಾದ ವಾರದೊಳಗೆ ಯಾರಾದರೂ ಒಂದು ಸಲಹೆ ತರುತ್ತಾರೆ: ಎಲ್ಲ ಸಾಲಗಳನ್ನೂ ಸೇರಿಸಿ ಒಂದೇ ದೊಡ್ಡ ಸಾಲ ತೆಗೆಯಿರಿ, ಹೆಂಡತಿಯ ಸಹಿಯಿದ್ದರೆ ಬಡ್ಡಿ ಕಡಿಮೆ. ಲೆಕ್ಕ ಕೆಲವೊಮ್ಮೆ ಸರಿಯೇ ಇರುತ್ತದೆ. ಆದರೆ ಕಾನೂನನ್ನು ತಿಳಿದು ಸಹಿ ಹಾಕಬೇಕು. ಗಂಡ ಮಾಡಿದ ಸಾಲಕ್ಕೆ ಹೆಂಡತಿಯಾದ ಮಾತ್ರಕ್ಕೆ ಆಕೆ ಹೊಣೆಯಾಗುವುದಿಲ್ಲ. ಹೆಂಡತಿಯ ಸಾಲಕ್ಕೆ ಗಂಡನೂ ಹಾಗೆಯೇ. ಜಂಟಿ ಸಾಲಗಾರರಾಗಿಯೋ ಜಾಮೀನುದಾರರಾಗಿಯೋ ಸಹಿ ಹಾಕಿದ ಕ್ಷಣ ಚಿತ್ರ ಬದಲಾಗುತ್ತದೆ. ಭಾರತೀಯ ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಮಾನ್ಯವಾಗಿ ಮೂಲ ಸಾಲಗಾರನಷ್ಟೇ. ಸಾಲಗಾರ ತೀರಿಕೊಂಡರೆ, ಸಹಿ ಹಾಕದ ವಾರಸುದಾರರ ಹೊಣೆ ಅವನಿಂದ ಬಂದ ಆಸ್ತಿಯ ಮಿತಿಗೆ ಮಾತ್ರ.

ಆದ್ದರಿಂದ ಪಟ್ಟಿ ತಾಳೆಯಾಗಿ, ಕೆಲವು ತಿಂಗಳು ಕಂತುಗಳು ನಿಗದಿಯಂತೆ ನಡೆಯುವ ತನಕ ಹೊಸ ಸಹಿ ಬೇಡ ಎಂದು ಹೆಂಡತಿ ಹೇಳಿದರೆ ಅದು ಅಪನಂಬಿಕೆಯ ಮಾತಲ್ಲ. ಮನೆಯಲ್ಲಿ ಒಬ್ಬರ ಸಂಬಳವಾದರೂ ಸಾಲದ ಹೊರಗಿರಬೇಕೆಂಬ ವಿವೇಕ. "ನನ್ನ ಮೇಲೆ ನಂಬಿಕೆ ಇದ್ದರೆ ಸಹಿ ಹಾಕು" ಎಂಬ ಒತ್ತಾಯ ಬಂದರೆ ಎಚ್ಚರವಹಿಸಬೇಕು, ಏಕೆಂದರೆ ಇನ್ನೂ ಹುಟ್ಟದ ನಂಬಿಕೆಯನ್ನು ಅದು ಮುಂಗಡವಾಗಿ ಕೇಳುತ್ತದೆ.

ವಸೂಲಿಗಾರರ ಭಯವೇ ಅನೇಕರನ್ನು ಅವಸರದ ಸಹಿಗೆ ತಳ್ಳುತ್ತದೆ. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ಸೂಚನೆ ಬೆಳಗ್ಗೆ 8ಕ್ಕೆ ಮೊದಲು ಹಾಗೂ ಸಂಜೆ 7ರ ನಂತರ ವಸೂಲಿ ಕರೆಗಳನ್ನು ನಿಷೇಧಿಸಿತು. ಬೆದರಿಕೆಯನ್ನೂ ಕುಟುಂಬದವರಿಗೆ ಅವಮಾನ ಮಾಡುವುದನ್ನೂ ತಡೆಯಿತು. ಕಿರುಸಾಲದ ಕಿರುಕುಳದ ಪ್ರಕರಣಗಳು ಹೆಚ್ಚಿದ ನಂತರ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗಿನ ಸೆರೆವಾಸ ಮತ್ತು ಐದು ಲಕ್ಷ ರೂಪಾಯಿವರೆಗಿನ ದಂಡವನ್ನು ವಿಧಿಸಿತು. ಇವುಗಳಿಂದ ಸಾಲ ಮನ್ನಾ ಆಗುವುದಿಲ್ಲ. ಆದರೆ ಬಾಗಿಲ ಬಳಿ ನಿಂತು ಕೂಗಾಡುವವನಿಗೆ ಹೆದರಿ ಇನ್ನೊಂದು ಗುಟ್ಟಿನ ಸಾಲ ಮಾಡುವ ಅಗತ್ಯವಿಲ್ಲ ಎಂಬುದು ಇಬ್ಬರಿಗೂ ತಿಳಿದಿರಬೇಕು.

ತಿಂಗಳಿಗೊಂದು ಸಂಜೆ

ಯೋಜನೆ ಕಾಗದದ ಮೇಲೆ ಬಂದ ನಂತರ ದಿನನಿತ್ಯದ ಬದುಕು ಎರಡು ಅತಿರೇಕಗಳ ನಡುವೆ ತೂಗಾಡುತ್ತದೆ. ಒಂದು ಕಡೆ, ಹೆಂಡತಿ ದಿನವೂ ಫೋನ್ ತಪಾಸಣೆ ಮಾಡುತ್ತಾಳೆ, ಊಟದ ಹೊತ್ತಿನಲ್ಲೆಲ್ಲ ಸಾಲದ ಮಾತು. ಗಂಡ ಕೈದಿಯಂತಾಗಿ ಮತ್ತೆ ಮುಚ್ಚಿಡಲು ಕಲಿಯುತ್ತಾನೆ. ಇನ್ನೊಂದು ಕಡೆ, "ಆದದ್ದಾಯಿತು" ಎಂದು ಆ ಮಾತನ್ನೇ ಎತ್ತದಿರುವುದು. ಆಗ ಮೌನ ಹಳೆಯ ಜಾಗಕ್ಕೆ ಮರಳುತ್ತದೆ. ಇವೆರಡಕ್ಕೂ ಪರಿಹಾರವೆಂದರೆ ಮಾತಿಗೆ ಒಂದು ಹೊತ್ತು ಗೊತ್ತುಮಾಡುವುದು. ಸಂಬಳ ಬಂದ ವಾರದ ಒಂದು ಸಂಜೆ, ಮಕ್ಕಳಿಲ್ಲದ ಒಂದು ಗಂಟೆ ಸಾಕು.

ಅಂದು ಸಾಲ ಮಾಡಿದವರೇ ಲೆಕ್ಕ ತೆರೆದು ತೋರಿಸುತ್ತಾರೆ. ಸಂಗಾತಿ ಕೇಳುವವರೆಗೆ ಕಾಯುವುದಿಲ್ಲ. ತುಂಬಿದ ಕಂತುಗಳ ರಸೀದಿ, ಖಾತೆಯ ಒಂದು ತಿಂಗಳ ವಿವರ, ಪ್ರತಿ ಸಾಲದ ಈಗಿನ ಬಾಕಿ, ಇಷ್ಟು ಇದ್ದರೆ ಸಾಕು. ನಾಲ್ಕು ಸಂಸ್ಥೆಗಳ ಉಚಿತ ವರದಿಗಳನ್ನು ಮೂರು ತಿಂಗಳಿಗೊಂದರಂತೆ ತೆಗೆದರೆ ಇಡೀ ವರ್ಷ ಖರ್ಚಿಲ್ಲದೆ ತಾಳೆ ನೋಡಬಹುದು. ಒಂದು ಮೊತ್ತವನ್ನು, ಉದಾಹರಣೆಗೆ 2,000 ರೂಪಾಯಿಯನ್ನು ಗೊತ್ತುಮಾಡಿ, ಅದಕ್ಕಿಂತ ಹೆಚ್ಚಿನ ಖರ್ಚಿಗೂ ಯಾವುದೇ ಮೊತ್ತದ ಸಾಲಕ್ಕೂ ಇಬ್ಬರ ಒಪ್ಪಿಗೆ ಬೇಕೆಂದು ನಿರ್ಧರಿಸಬಹುದು. ಅದರ ಜೊತೆಗೆ ಇಬ್ಬರಿಗೂ ಲೆಕ್ಕ ಕೇಳದ ಸಣ್ಣ ಕೈಖರ್ಚು ಇರಲಿ. ಚಹಾದ ಹಣಕ್ಕೂ ಲೆಕ್ಕ ಕೊಡಬೇಕಾದವನು ಮೊದಲು ಸುಳ್ಳು ಹೇಳುವುದು ಚಹಾದ ಲೆಕ್ಕದಲ್ಲಿಯೇ.

ಹಳೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಆರು ತಿಂಗಳ ನಂತರವೂ "ಆ ದಿನ ಆಸ್ಪತ್ರೆಯಲ್ಲಿದ್ದೆ ಅಂದಿರಲ್ಲ, ನಿಜವಾಗಿ ಎಲ್ಲಿದ್ದಿರಿ?" ಎಂಬ ಪ್ರಶ್ನೆ ಏಳಬಹುದು. "ಮತ್ತೆ ಅದೇ ಮಾತೇ?" ಎಂದು ಸಿಡುಕುವುದರಿಂದ ಅದು ನಿಲ್ಲುವುದಿಲ್ಲ. ಹಿಂದೆ ಕೊಟ್ಟ ಉತ್ತರವನ್ನೇ, ಅಷ್ಟೇ ವಿವರವಾಗಿ, ಪ್ರತಿ ಬಾರಿಯೂ ಕೊಡಬೇಕು. ಉತ್ತರ ಬದಲಾಗದೆ ಉಳಿದಾಗ ಪ್ರಶ್ನೆ ಕ್ರಮೇಣ ತಾನೇ ಸವೆಯುತ್ತದೆ. ಕೇಳುವವರಿಗೂ ಒಂದು ಮಿತಿ ಬೇಕು: ಮಕ್ಕಳ ಮುಂದೆ, ನೆಂಟರ ಮುಂದೆ, ಬೇರೆ ಜಗಳದ ನಡುವೆ ಸಾಲವನ್ನು ಆಯುಧವಾಗಿ ಎತ್ತಬಾರದು.

ಯೋಜನೆ ಎಂದಾದರೂ ತಪ್ಪುತ್ತದೆ. ಓವರ್‌ಟೈಮ್ ನಿಲ್ಲುತ್ತದೆ, ಮಗುವಿಗೆ ಜ್ವರ ಬರುತ್ತದೆ, ಒಂದು ಕಂತು ಬಾಕಿಯಾಗುತ್ತದೆ. ವಿಶ್ವಾಸದ ನಿಜವಾದ ಪರೀಕ್ಷೆ ಆ ತಿಂಗಳು. ಕಂತು ತಪ್ಪುವ ಮೊದಲೇ ಗಂಡ ಬಂದು "ಈ ತಿಂಗಳು 3,000 ಸಾಲದು, ಏನು ಮಾಡೋಣ?" ಎಂದರೆ, ಬಾಕಿಯಾದ ಹಣಕ್ಕಿಂತ ಹೆಚ್ಚಿನದು ಮನೆಗೆ ಬಂದಂತಾಯಿತು. ಆಗ ಹೆಂಡತಿ ರೇಗದೆ ಲೆಕ್ಕಕ್ಕೆ ಕೂತರೆ, ಸತ್ಯ ಹೇಳಿದರೆ ಮನೆ ಮುರಿಯುವುದಿಲ್ಲ ಎಂಬ ಅನುಭವ ಅವನಿಗೂ ಆಗುತ್ತದೆ. ಗುಟ್ಟಿಗೆ ಮೂಲವಾಗಿದ್ದದ್ದು ಬಹುಪಾಲು ಆ ಹೆದರಿಕೆಯೇ.

ಈ ದಾರಿ ಸಾಲದ ಕಡೆ

ಕೆಲವು ಸಂದರ್ಭಗಳಲ್ಲಿ ಪಟ್ಟಿ ಮತ್ತು ಸಂಜೆಯ ಮಾತು ಸಾಕಾಗುವುದಿಲ್ಲ. ಹಣ ಎಲ್ಲಿ ಹೋಯಿತು ಎಂಬುದಕ್ಕೆ ಆನ್‌ಲೈನ್ ಜೂಜು ಅಥವಾ ಕುಡಿತವೇ ಉತ್ತರವಾದರೆ ಅಲ್ಲಿರುವುದು ವ್ಯಸನ. ಅದಕ್ಕೆ ಚಿಕಿತ್ಸೆಯಾಗದೆ ಸಾಲ ತೀರಿಸಿದರೆ ಹೊಸ ಸಾಲಕ್ಕೆ ಜಾಗ ಮಾಡಿಕೊಟ್ಟಂತಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವೂ, ತಂತ್ರಜ್ಞಾನದ ಅತಿಬಳಕೆಗಾಗಿ 2014ರಲ್ಲಿ ಆರಂಭವಾದ 'ಷಟ್' ಚಿಕಿತ್ಸಾಲಯವೂ ಇವೆ. ಸಾಲ ಬಯಲಾದ ದಿನಗಳಲ್ಲಿ ಸಾಲಗಾರ "ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ" ಎಂಬಂಥ ಮಾತಾಡಿದರೆ ಅದನ್ನು ನಾಟಕವೆಂದು ತಳ್ಳಿಹಾಕಬಾರದು. ಅವನನ್ನು ಒಂಟಿಯಾಗಿ ಬಿಡದೆ ಕೂಡಲೇ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಇನ್ನೊಂದು ಸಂದರ್ಭ ಬಲವಂತದ್ದು. ಹೆಂಡತಿಯ ಹೆಸರಿನಲ್ಲಿ ಅವಳಿಗೆ ತಿಳಿಯದೆ ಸಾಲ ಮಾಡಿದ್ದರೆ, ಹೊಡೆದು ಸಹಿ ಹಾಕಿಸಿದ್ದರೆ, ಸ್ತ್ರೀಧನವನ್ನು ಮಾರಿಕೊಂಡಿದ್ದರೆ ಅದು ವಿಶ್ವಾಸದ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆರ್ಥಿಕ ದೌರ್ಜನ್ಯವನ್ನೂ ಒಳಗೊಂಡಿದೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ದೊರೆಯುತ್ತದೆ. ಬೇರೆಯಾಗುವ ಮಾತು ನ್ಯಾಯಾಲಯದ ತನಕ ಹೋದ ದಂಪತಿಗಳಿಗೂ ಸಂಧಾನದ ಅವಕಾಶವಿದೆ. ಹೈಕೋರ್ಟ್ 2007ರಲ್ಲಿ ಆರಂಭಿಸಿದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಅಲ್ಲಿ ಮೂರನೆಯವರ ಎದುರು ಸಾಲ, ಒಡವೆ, ಮುಂದಿನ ಖರ್ಚುಗಳನ್ನು ಬರಹದ ಒಪ್ಪಂದವಾಗಿಸಬಹುದು.

ಎಲ್ಲ ಸಂಸಾರಗಳೂ ಇದರಿಂದ ಮೇಲೇಳುತ್ತವೆ ಎನ್ನಲಾಗದು. ಪಟ್ಟಿ ಪೂರ್ಣವಾದ ಮೇಲೂ "ಇನ್ನು ನನ್ನಿಂದಾಗದು" ಎಂದು ನಿರ್ಧರಿಸುವ ಹಕ್ಕು ಮೋಸಹೋದವರಿಗಿದೆ. ಸಾಲ ತೀರಿತೆಂಬ ಕಾರಣಕ್ಕೆ ನಂಬಿಕೆಯನ್ನು ಕೇಳಿ ಪಡೆಯಲಾಗುವುದಿಲ್ಲ. ಆದರೆ ಉಳಿಯಲು ನಿರ್ಧರಿಸಿದವರಿಗೆ ದಾರಿ ಎಷ್ಟು ಬಂದಿದೆ ಎಂಬುದನ್ನು ಅಳೆಯಲು ಒಂದು ಗುರುತಿದೆ. ಕೆಟ್ಟ ಸುದ್ದಿ ಮನೆಗೆ ಯಾವ ಬಾಗಿಲಿನಿಂದ ಬರುತ್ತಿದೆ ಎಂಬುದನ್ನು ನೋಡಬೇಕು. ಅಂಚೆಯವನಿಂದ, ವಸೂಲಿಗಾರನಿಂದ, ನೆರೆಯವರ ಬಾಯಿಂದ ಬರುತ್ತಿರುವ ತನಕ ಏನೂ ಬದಲಾಗಿಲ್ಲ. ಅದು ಮೊದಲು ಗಂಡನ ಅಥವಾ ಹೆಂಡತಿಯ ಬಾಯಿಂದಲೇ, ಕೇಳುವ ಮೊದಲೇ ಬರತೊಡಗಿದಾಗ, ಬ್ಯಾಂಕಿನಲ್ಲಿ ಇನ್ನೂ ಲಕ್ಷಗಳ ಬಾಕಿಯಿದ್ದರೂ, ಆ ಮನೆಯಲ್ಲಿ ವಿಶ್ವಾಸ ಮರಳತೊಡಗಿದೆ ಎಂದೇ ತಿಳಿಯಬೇಕು.